ಚಾರ್ಜ್‌ಗೆ ಹಾಕಿ ಮ್ಯಾಪ್ ನೋಡಿದರೆ ಫೋನ್ ಸಿಡಿಯುತ್ತಾ? ಸಾವನದುರ್ಗದ ದಾರಿಯಲ್ಲಿ ಎರಡು ಫೋನ್‌ಗಳು ಹೇಳಿದ್ದು

ಬೇಸಿಗೆ ಬಂತೆಂದರೆ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಮತ್ತೆ ಮತ್ತೆ ಬರುತ್ತದೆ. ಪದಗಳು ಅಲ್ಲಿಲ್ಲಿ ಬದಲಾದರೂ ಸಾರಾಂಶ ಇಷ್ಟೇ: ಫೋನನ್ನು ಚಾರ್ಜ್‌ಗೆ ಹಾಕಿಕೊಂಡು ಮ್ಯಾಪ್ ಬಳಸಬೇಡಿ, ಜಿಪಿಎಸ್ ಮತ್ತು ಚಾರ್ಜಿಂಗ್ ಒಟ್ಟಿಗೆ ನಡೆದರೆ ಬ್ಯಾಟರಿ ಸಿಡಿಯುತ್ತದೆ, ಫೋನ್ ಬಿಸಿಯಾದರೆ ಕೂಡಲೇ ಹತ್ತು ನಿಮಿಷ ಫ್ರಿಜ್‌ನಲ್ಲಿಡಿ. ಕೊನೆಗೆ 'ನಿಮ್ಮವರಿಗೆಲ್ಲ ಕಳಿಸಿ' ಎಂಬ ಮಾತು ಇದ್ದೇ ಇರುತ್ತದೆ.

ಈ ಸಂದೇಶದಲ್ಲಿ ಸ್ವಲ್ಪ ನಿಜವಿದೆ, ಹೆಚ್ಚು ತಪ್ಪಿದೆ. ಚಾರ್ಜ್ ಆಗುತ್ತಿರುವಾಗ, ಮ್ಯಾಪ್ ಓಡುತ್ತಿರುವಾಗ ಫೋನ್ ಬಿಸಿಯಾಗುವುದು ನಿಜ. ಆದರೆ ಒಳ್ಳೆಯ ಸ್ಥಿತಿಯಲ್ಲಿರುವ ಫೋನ್ ಅಷ್ಟಕ್ಕೇ ಸಿಡಿಯುವುದಿಲ್ಲ. ಫ್ರಿಜ್ ಸಲಹೆಯಂತೂ ಫೋನನ್ನು ಕೆಡಿಸುವಂಥದ್ದು. ಇವೆಲ್ಲಕ್ಕಿಂತ ದೊಡ್ಡ ತೊಂದರೆ ಏನೆಂದರೆ, ಈ ಸಂದೇಶ ಓದಿದವರು ಹೆದರಬೇಕಾಗಿಲ್ಲದ ಬಿಸಿಗೆ ಹೆದರುತ್ತಾರೆ, ಹೆದರಬೇಕಾದ ಬಿಸಿಯನ್ನು ಗಮನಿಸುವುದೇ ಇಲ್ಲ. ಒಂದೇ ದಿನ, ಒಂದೇ ಪ್ರಯಾಣದಲ್ಲಿ ನಮಗೆ ಈ ಎರಡೂ ಬಗೆಯ ಬಿಸಿ ನೋಡಲು ಸಿಕ್ಕವು. ಅದನ್ನೇ ಇಟ್ಟುಕೊಂಡು ವಿವರಿಸುತ್ತೇವೆ.

ಒಂದು ಭಾನುವಾರ, ಎರಡು ಫೋನ್

ಏಪ್ರಿಲ್‌ನ ಒಂದು ಭಾನುವಾರ ನಾವು ಮತ್ತು ಗೆಳತಿಯೊಬ್ಬರು ಬೆಂಗಳೂರಿನಿಂದ ಮಾಗಡಿ ರಸ್ತೆ ಹಿಡಿದು ಬೈಕ್‌ನಲ್ಲಿ ಸಾವನದುರ್ಗಕ್ಕೆ ಹೊರಟೆವು. ನಮ್ಮ ಫೋನ್ ಹ್ಯಾಂಡಲ್ ಮೇಲಿನ ಹೋಲ್ಡರ್‌ನಲ್ಲಿತ್ತು. ಧೂಳು, ಮಳೆ ತಾಗದಿರಲಿ ಎಂದು ಪ್ಲಾಸ್ಟಿಕ್ ಮುಚ್ಚಳವಿರುವ ಪೌಚಿನ ಹೋಲ್ಡರ್ ಅದು. ಬೈಕಿನ ಯುಎಸ್‌ಬಿ ಪಾಯಿಂಟ್‌ನಿಂದ ಚಾರ್ಜ್ ಆಗುತ್ತಿತ್ತು. ಮ್ಯಾಪ್ ತೆರೆದಿತ್ತು. ಬಿಸಿಲಿಗೆ ಕಾಣಲಿ ಎಂದು ಪರದೆಯ ಬೆಳಕನ್ನು ಪೂರ್ತಿ ಏರಿಸಿದ್ದೆವು.

ತಾವರೆಕೆರೆ ದಾಟುವವರೆಗೆ ಎಲ್ಲ ಸರಿಯಿತ್ತು. ಆಮೇಲೆ ಚಹಾ ಕುಡಿಯಲು ನಿಲ್ಲಿಸಿದೆವು. ಫೋನನ್ನು ಹೋಲ್ಡರ್‌ನಲ್ಲೇ ಬಿಟ್ಟು ಹತ್ತು ನಿಮಿಷ ಮಾತಾಡಿ ಬಂದು ನೋಡಿದರೆ ಪರದೆ ಮಂಕಾಗಿತ್ತು. ಬೆಳಕು ಏರಿಸಲು ಹೋದರೆ ಏರಲಿಲ್ಲ. ಚಾರ್ಜಿಂಗ್ ಗುರುತು ಕಾಣುತ್ತಿದ್ದರೂ ಶೇಕಡಾ ಅಂಕಿ ನಿಂತಲ್ಲೇ ನಿಂತಿತ್ತು. ಮಾಗಡಿ ದಾಟಿ ಬೆಟ್ಟದ ಕಡೆ ತಿರುಗುವ ಹೊತ್ತಿಗೆ, ಫೋನ್ ತಣ್ಣಗಾಗುವವರೆಗೆ ಚಾರ್ಜಿಂಗ್ ನಿಲ್ಲಿಸಲಾಗಿದೆ ಎಂಬ ಎಚ್ಚರಿಕೆಯೂ ಬಂತು. ಕೈಗೆ ತೆಗೆದುಕೊಂಡರೆ ಬಿಸಿ ಇಡ್ಲಿ ತಟ್ಟೆ ಹಿಡಿದ ಹಾಗಿತ್ತು.

ಗೆಳತಿಯ ಫೋನ್ ಈ ಯಾವ ಗಲಾಟೆಯನ್ನೂ ಮಾಡಲಿಲ್ಲ. ಅದು ಬ್ಯಾಗಿನಲ್ಲಿತ್ತು. ಇತ್ತೀಚೆಗೆ ಚಾರ್ಜ್ ಬೇಗ ಖಾಲಿಯಾಗುತ್ತಿದೆ ಎಂದು ಬೆಟ್ಟದ ಬುಡದಲ್ಲಿ ಅದನ್ನು ಸ್ವಿಚ್ ಆಫ್ ಮಾಡಿಟ್ಟಿದ್ದರು. ಸುಮಾರು ಒಂದೂವರೆ ಗಂಟೆ ಕಳೆದ ಮೇಲೆ ಮರದ ನೆರಳಿನಲ್ಲಿ ಕುಳಿತು ಬ್ಯಾಗು ತೆರೆದಾಗ ಆ ಫೋನಿನ ಬೆನ್ನು, ಕ್ಯಾಮೆರಾ ಇರುವ ಕಡೆ, ಬೆಚ್ಚಗಿತ್ತು. ಸುಡುವಂತಿರಲಿಲ್ಲ, ಜ್ವರ ಬಂದ ಮಗುವಿನ ಹಣೆಯಷ್ಟು ಬೆಚ್ಚಗೆ. ಅದೇ ಬ್ಯಾಗಿನಲ್ಲಿ ಅದರ ಪಕ್ಕದಲ್ಲೇ ಇದ್ದ ಪವರ್ ಬ್ಯಾಂಕ್ ತಣ್ಣಗಿತ್ತು.

ಇವೆರಡರಲ್ಲಿ ಯಾವ ಫೋನಿಗೆ ರಿಪೇರಿ ಬೇಕು? ಕೈ ಸುಟ್ಟ ಫೋನಿಗೆ ಏನೂ ಆಗಿರಲಿಲ್ಲ. ದೋಷವಿದ್ದದ್ದು ಬೆಚ್ಚಗಿದ್ದ ಫೋನಿನಲ್ಲಿ.

ಮೊದಲ ಫೋನ್: ಬಿಸಿ ಬಂದದ್ದು ಎಲ್ಲಿಂದ?

ಫಾರ್ವರ್ಡ್ ಸಂದೇಶ ಜಿಪಿಎಸ್ ಮೇಲೆ ತಪ್ಪು ಹೊರಿಸುತ್ತದೆ. ಆದರೆ ಫೋನಿನ ಜಿಪಿಎಸ್ ಉಪಗ್ರಹಕ್ಕೆ ಏನನ್ನೂ ಕಳಿಸುವುದಿಲ್ಲ. ಉಪಗ್ರಹಗಳಿಂದ ಬರುವ ಸಂಕೇತವನ್ನು ರೇಡಿಯೋ ಹಾಗೆ ಕೇಳಿಸಿಕೊಳ್ಳುತ್ತದೆ, ಅಷ್ಟೇ. ಅದಕ್ಕೆ ಬೇಕಾಗುವ ವಿದ್ಯುತ್ ತೀರಾ ಕಡಿಮೆ. ಬಿಸಿ ಬರುವುದು ಮ್ಯಾಪ್ ಜೊತೆ ನಡೆಯುವ ಬೇರೆ ಕೆಲಸಗಳಿಂದ. ಪರದೆ ಪೂರ್ತಿ ಬೆಳಕಿನಲ್ಲಿ ಆರದೆ ಉರಿಯುತ್ತಿರುತ್ತದೆ. ಪ್ರೊಸೆಸರ್ ಪ್ರತಿಕ್ಷಣ ನಕ್ಷೆಯನ್ನು ಹೊಸದಾಗಿ ಬಿಡಿಸುತ್ತಿರುತ್ತದೆ. ಮೊಬೈಲ್ ನೆಟ್‌ವರ್ಕ್‌ನಿಂದ ಡೇಟಾ ಬರುತ್ತಿರುತ್ತದೆ. ಇವೆಲ್ಲ ಸೇರಿದರೆ ಸುಮಾರು 3 ವ್ಯಾಟ್ ಎಂದುಕೊಳ್ಳಿ. ಟವರ್ ದೂರವಿರುವ ಕಾಡಿನ ದಾರಿಯಲ್ಲಿ ಫೋನ್ ಟವರನ್ನು ತಲುಪಲು ಜೋರಾಗಿ ಕೂಗಬೇಕಾಗುತ್ತದೆ, ಅಂದರೆ ಹೆಚ್ಚು ಶಕ್ತಿಯಲ್ಲಿ ಸಿಗ್ನಲ್ ಕಳಿಸಬೇಕಾಗುತ್ತದೆ. ಆಗ ಇನ್ನೂ ಸ್ವಲ್ಪ ಬಿಸಿ ಸೇರುತ್ತದೆ.

ಇನ್ನು ಚಾರ್ಜಿಂಗ್. ಕೇಬಲ್‌ನಿಂದ ಬಂದ ವಿದ್ಯುತ್ತೆಲ್ಲ ಬ್ಯಾಟರಿಯಲ್ಲಿ ಸಂಗ್ರಹವಾಗುವುದಿಲ್ಲ. 10 ವ್ಯಾಟ್ ಒಳಗೆ ಬಂದರೆ ಸುಮಾರು 1 ವ್ಯಾಟ್ ಚಾರ್ಜಿಂಗ್ ಸರ್ಕ್ಯೂಟಿನಲ್ಲೇ ಬಿಸಿಯಾಗಿ ಹೋಗುತ್ತದೆ. ಬ್ಯಾಟರಿಯ ಒಳಗೂ ಸ್ವಲ್ಪ ಬಿಸಿ ಹುಟ್ಟುತ್ತದೆ. ಇಲ್ಲಿ ಒಂದು ನಿಯಮ ನೆನಪಿಟ್ಟುಕೊಳ್ಳುವುದು ಒಳ್ಳೆಯದು: ಬ್ಯಾಟರಿಗೆ ಹರಿಯುವ ಕರೆಂಟ್ ಎರಡು ಪಟ್ಟಾದರೆ ಅದರೊಳಗಿನ ಬಿಸಿ ನಾಲ್ಕು ಪಟ್ಟಾಗುತ್ತದೆ. ಫಾಸ್ಟ್ ಚಾರ್ಜಿಂಗ್‌ನಲ್ಲಿ ಮೊದಲ ಅರ್ಧ ಗಂಟೆ ಫೋನ್ ಹೆಚ್ಚು ಬಿಸಿಯಾಗಿ, ಬ್ಯಾಟರಿ ತುಂಬುತ್ತಾ ಬಂದಂತೆ ಆರುವುದು ಇದೇ ಕಾರಣಕ್ಕೆ. ತುಂಬುತ್ತಾ ಬಂದಾಗ ಫೋನ್ ತಾನೇ ಕರೆಂಟ್ ಇಳಿಸುತ್ತದೆ.

ಇಲ್ಲಿಯವರೆಗಿನ ಲೆಕ್ಕ ಸುಮಾರು 4ರಿಂದ 5 ವ್ಯಾಟ್. ಆದರೆ ಆ ದಿನದ ದೊಡ್ಡ ಪಾಲು ಇನ್ನೂ ಈ ಲೆಕ್ಕಕ್ಕೆ ಬಂದಿಲ್ಲ. ಅದು ಬಿಸಿಲು.

ನೆತ್ತಿಯ ಮೇಲಿನ ಬೇಸಿಗೆ ಬಿಸಿಲು ಒಂದು ಚದರ ಮೀಟರಿಗೆ ಸುಮಾರು 1000 ವ್ಯಾಟ್ ಶಕ್ತಿ ಸುರಿಯುತ್ತದೆ. ಒಂದು ಸಾಮಾನ್ಯ ಫೋನ್ 16 ಸೆಂಟಿಮೀಟರ್ ಉದ್ದ, ಏಳೂವರೆ ಸೆಂಟಿಮೀಟರ್ ಅಗಲ. ಅಂದರೆ 120 ಚದರ ಸೆಂಟಿಮೀಟರ್. ಅಷ್ಟು ಜಾಗದ ಮೇಲೆ ಬಿಸಿಲು ನೇರವಾಗಿ ಬಿದ್ದರೆ ಅದು 12 ವ್ಯಾಟ್. ಮನೆಯ ಟ್ಯೂಬ್‌ಲೈಟ್ ಬದಲು ಹಾಕುವ 9 ವ್ಯಾಟ್ ಎಲ್‌ಇಡಿ ಬಲ್ಬಿಗಿಂತ ಹೆಚ್ಚು. ಪರದೆಯ ಕಪ್ಪು ಗಾಜು ಅದರಲ್ಲಿ ಬಹುಪಾಲನ್ನು ಹೀರಿಕೊಳ್ಳುತ್ತದೆ. ಮ್ಯಾಪ್ ಮತ್ತು ಚಾರ್ಜಿಂಗ್ ಎರಡೂ ಸೇರಿ ಕೊಟ್ಟ ಬಿಸಿಗಿಂತ ಬಿಸಿಲೊಂದೇ ಹೆಚ್ಚು ಕೊಟ್ಟಿತ್ತು.

ದಿಕ್ಕೂ ನಮಗೆ ಅನುಕೂಲವಾಗಿರಲಿಲ್ಲ. ಬೆಳಗಿನ ಹೊತ್ತು ಬೆಂಗಳೂರಿನಿಂದ ಮಾಗಡಿ ಕಡೆಗೆ ಹೋಗುವವರಿಗೆ ಬಿಸಿಲು ಬೆನ್ನಿಗೆ ಹೊಡೆಯುತ್ತದೆ. ಹ್ಯಾಂಡಲ್ ಮೇಲಿನ ಫೋನಿನ ಪರದೆ ಸವಾರನ ಕಡೆಗೆ, ಅಂದರೆ ಪೂರ್ವಕ್ಕೇ ತಿರುಗಿರುತ್ತದೆ. ಹಾಗಾಗಿ ದಾರಿಯುದ್ದಕ್ಕೂ ಬಿಸಿಲು ಪರದೆಯ ಮೇಲೇ. ಗಾಡಿ ಓಡುವಾಗ ಗಾಳಿ ಬಿಸಿಯನ್ನು ಒಯ್ಯಬೇಕು, ಆದರೆ ಪ್ಲಾಸ್ಟಿಕ್ ಪೌಚ್ ಆ ಗಾಳಿಯನ್ನೂ ತಡೆದಿತ್ತು. ಬಿಸಿಲಿನಲ್ಲಿ ಗಾಜು ಏರಿಸಿ ನಿಲ್ಲಿಸಿದ ಕಾರಿನ ಒಳಗೆ ಹೇಗಿರುತ್ತದೋ ಪೌಚಿನ ಒಳಗೂ ಹಾಗೇ. ಚಹಾ ಅಂಗಡಿ ಮುಂದೆ ನಿಂತಾಗ ಇದ್ದಬದ್ದ ಗಾಳಿಯೂ ಇಲ್ಲ. ಎಚ್ಚರಿಕೆ ಬರುವುದರಲ್ಲಿ ಆಶ್ಚರ್ಯವೇನಿಲ್ಲ.

ಎಚ್ಚರಿಕೆ ಬಂದಿತೆಂದರೆ ಕಾವಲು ಕೆಲಸ ಮಾಡುತ್ತಿದೆ

ಫೋನಿನ ಒಳಗೆ ಬ್ಯಾಟರಿಯ ಹತ್ತಿರ, ಪ್ರೊಸೆಸರ್ ಹತ್ತಿರ ಉಷ್ಣತೆ ಅಳೆಯುವ ಪುಟ್ಟ ಸೆನ್ಸರ್‌ಗಳಿರುತ್ತವೆ. ಲಿಥಿಯಂ ಅಯಾನ್ ಬ್ಯಾಟರಿಯನ್ನು ಸಾಮಾನ್ಯವಾಗಿ 0ಯಿಂದ 45 ಡಿಗ್ರಿ ಸೆಲ್ಸಿಯಸ್ ನಡುವೆ ಮಾತ್ರ ಚಾರ್ಜ್ ಮಾಡಬೇಕು. ಬ್ಯಾಟರಿಯ ಬಿಸಿ ಮೇಲಿನ ಮಿತಿಗೆ ಹತ್ತಿರವಾದಾಗ ಫೋನ್ ಮೊದಲು ಚಾರ್ಜಿಂಗ್ ನಿಧಾನ ಮಾಡುತ್ತದೆ, ಆಮೇಲೆ ನಿಲ್ಲಿಸುತ್ತದೆ. ಪರದೆಯ ಬೆಳಕು ಇಳಿಸುತ್ತದೆ, ಪ್ರೊಸೆಸರ್ ವೇಗ ಇಳಿಸುತ್ತದೆ. ಅದಕ್ಕೂ ಬಗ್ಗದಿದ್ದರೆ ತನ್ನನ್ನು ತಾನೇ ಆಫ್ ಮಾಡಿಕೊಳ್ಳುತ್ತದೆ. ಐಫೋನ್‌ಗಳು ಮ್ಯಾಪ್ ಓಡುತ್ತಿರುವಾಗ ತುಂಬಾ ಬಿಸಿಯಾದರೆ ಪರದೆ ಆರಿಸಿ ದಾರಿಯನ್ನು ಧ್ವನಿಯಲ್ಲಿ ಮಾತ್ರ ಹೇಳುತ್ತವೆ, ತಿರುವು ಹತ್ತಿರವಾದಾಗ ಪರದೆ ಬೆಳಗುತ್ತದೆ. ಇದು ಕೆಟ್ಟುಹೋದ ಲಕ್ಷಣವಲ್ಲ, ಹಾಗೆಂದೇ ರೂಪಿಸಿದ್ದು.

ಐಫೋನನ್ನು 35 ಡಿಗ್ರಿವರೆಗಿನ ಹವೆಯಲ್ಲಿ ಬಳಸಿ ಎಂದು ಆಪಲ್ ಹೇಳುತ್ತದೆ. ನಮ್ಮಲ್ಲಿ ಮಾರ್ಚ್, ಏಪ್ರಿಲ್‌ನಲ್ಲಿ ನೆರಳಿನಲ್ಲೇ ಅಷ್ಟು ಬಿಸಿ ಇರುವುದುಂಟು. ಬಿಸಿಲಿಗೆ ಇಟ್ಟ ಫೋನ್ ದೂರು ಹೇಳುವುದು ಸಹಜ.

ಇನ್ನೊಂದು ವಿಷಯ. ನಮ್ಮ ಕೈ ಒಳ್ಳೆಯ ಥರ್ಮಾಮೀಟರ್ ಅಲ್ಲ. ಅಂಗೈ ಚರ್ಮ ಸುಮಾರು 33 ಡಿಗ್ರಿ ಆಸುಪಾಸಿನಲ್ಲಿರುತ್ತದೆ. ಹಾಗಾಗಿ 40 ಡಿಗ್ರಿ ಇರುವ ಫೋನೂ ನಮಗೆ 'ಸಿಕ್ಕಾಪಟ್ಟೆ ಬಿಸಿ' ಅನ್ನಿಸುತ್ತದೆ, ಆದರೆ ಬ್ಯಾಟರಿಗೆ ಅದು ಮಿತಿಯೊಳಗಿನ ಬಿಸಿ.

ನಾವು ಮಾಡಿದ್ದು ಇಷ್ಟು. ಕೇಬಲ್ ಕಿತ್ತೆವು, ಫೋನನ್ನು ಪೌಚಿನಿಂದ ಹೊರತೆಗೆದು ಹಿಂದಿನ ಕವರ್ ಬಿಚ್ಚಿದೆವು, ನೆರಳಿನಲ್ಲಿ ಗಾಳಿಯಾಡುವ ಕಡೆ ಇಟ್ಟೆವು. ಕಾಲು ಗಂಟೆಯಲ್ಲಿ ಆರಿತು. ಮತ್ತೆ ಚಾರ್ಜ್‌ಗೆ ಹಾಕಿದಾಗ ಅಂಕಿ ಏರತೊಡಗಿತು. ಬಿಸಿಗೆ ಕಾರಣವಿತ್ತು, ಕಾರಣ ತೆಗೆದ ಮೇಲೆ ಬಿಸಿ ಹೋಯಿತು. ಇದು ಆರೋಗ್ಯವಂತ ಫೋನಿನ ನಡವಳಿಕೆ.

ವಾಪಸ್ ಬರುವಾಗ ತೆರೆದ ಹೋಲ್ಡರ್ ಬಳಸಿದೆವು. ಬೆಟ್ಟ ಬಿಡುವ ಮುನ್ನ ಫೋನ್ ಬ್ಯಾಗಿನಲ್ಲೇ ಚಾರ್ಜ್ ಮಾಡಿಕೊಂಡು, ದಾರಿಯಲ್ಲಿ ಕೇಬಲ್ ಹಾಕಲಿಲ್ಲ. ಆ ಪ್ರದೇಶದ ನಕ್ಷೆಯನ್ನು ಮೊದಲೇ ಇಳಿಸಿಟ್ಟುಕೊಂಡು, ಪರದೆ ಆರಿಸಿ, ದಾರಿ ಹೇಳುವ ಧ್ವನಿಯನ್ನು ಇಯರ್‌ಫೋನ್ ಒಂದರಲ್ಲಿ ಹಿಂದೆ ಕುಳಿತವರು ಕೇಳಿ ಹೇಳಿದರು. ಎಚ್ಚರಿಕೆ ಮತ್ತೆ ಬರಲಿಲ್ಲ.

ಎರಡನೇ ಫೋನ್: ಕಾರಣವಿಲ್ಲದ ಬಿಸಿ

ಗೆಳತಿಯ ಫೋನಿನ ಕಥೆ ಬೇರೆ. ಬಿಸಿಲಿಲ್ಲ, ಚಾರ್ಜಿಂಗ್ ಇಲ್ಲ, ಮ್ಯಾಪ್ ಇಲ್ಲ, ಫೋನ್ ಆನ್ ಕೂಡ ಇಲ್ಲ. ಆಫ್ ಆಗಿರುವ ಫೋನ್ ಸುತ್ತಲಿನ ವಸ್ತುಗಳಷ್ಟೇ ಬಿಸಿ ಇರಬೇಕು. ಪಕ್ಕದ ಪವರ್ ಬ್ಯಾಂಕ್ ತಣ್ಣಗಿದ್ದು ಇದು ಮಾತ್ರ ಬೆಚ್ಚಗಿದ್ದರೆ ಆ ಬಿಸಿ ಹೊರಗಿನಿಂದ ಬಂದದ್ದಲ್ಲ, ಒಳಗೇ ಹುಟ್ಟುತ್ತಿದೆ ಎಂದರ್ಥ.

ಕೇಳಿದಾಗ ಇನ್ನೊಂದು ಸುಳಿವು ಸಿಕ್ಕಿತು. ಕೆಲವು ವಾರಗಳಿಂದ ರಾತ್ರಿ ಫೋನ್ ಆಫ್ ಮಾಡಿ ಮಲಗಿದರೂ, 80 ಇದ್ದ ಚಾರ್ಜ್ ಬೆಳಿಗ್ಗೆ 55ರ ಹತ್ತಿರ ಬಂದಿರುತ್ತಿತ್ತಂತೆ. ಬ್ಯಾಟರಿ ಹಳೆಯದಾಯಿತು, ಹೊಸದು ಹಾಕಿಸಬೇಕು ಎಂದುಕೊಂಡಿದ್ದರು. ವಾಪಸ್ ಬರುವ ದಾರಿಯಲ್ಲಿ ಮಾಗಡಿ ಪಟ್ಟಣದ ಒಂದು ಮೊಬೈಲ್ ರಿಪೇರಿ ಅಂಗಡಿಯಲ್ಲಿ ತೋರಿಸಿದೆವು.

ಅಂಗಡಿಯವರು ಹಿಂಬದಿ ತೆಗೆದು ಬ್ಯಾಟರಿಯನ್ನು ಬೇರ್ಪಡಿಸಿದರು. ಬ್ಯಾಟರಿ ಇರಬೇಕಾದ ಜಾಗಕ್ಕೆ ಮೇಜಿನ ಮೇಲಿದ್ದ ಪವರ್ ಸಪ್ಲೈ ಯಂತ್ರದ ವೈರುಗಳನ್ನು ಜೋಡಿಸಿ 4 ವೋಲ್ಟ್ ಕೊಟ್ಟರು. ಈ ಯಂತ್ರ ಫೋನ್ ಎಷ್ಟು ಕರೆಂಟ್ ಎಳೆಯುತ್ತಿದೆ ಎಂದು ಅಂಕಿಯಲ್ಲಿ ತೋರಿಸುತ್ತದೆ. ಪವರ್ ಬಟನ್ ಒತ್ತುವವರೆಗೆ ಅಲ್ಲಿ ಹೆಚ್ಚುಕಡಿಮೆ ಸೊನ್ನೆ ಇರಬೇಕು. ಅಲ್ಲಿ 0.15 ಆಂಪಿಯರ್ ತೋರಿಸುತ್ತಿತ್ತು.

"ಬಟನ್ ಮುಟ್ಟೇ ಇಲ್ಲ ಮೇಡಂ, ಆಗ್ಲೇ ಎಳೀತಾ ಇದೆ. ಬ್ಯಾಟ್ರಿ ತಪ್ಪಲ್ಲ ಇದು, ಬೋರ್ಡೇ ಕುಡೀತಾ ಇದೆ" ಎಂದರು.

ಲೆಕ್ಕ ಹಾಕಿ ನೋಡಿದರೆ ಎಲ್ಲವೂ ಹೊಂದುತ್ತದೆ. 0.15 ಆಂಪಿಯರ್ ಎಂದರೆ 150 ಮಿಲಿ ಆಂಪಿಯರ್. ಎಂಟು ಗಂಟೆ ನಿದ್ದೆಯಲ್ಲಿ 1200 ಎಂಎಎಚ್ ಖಾಲಿ. 5000 ಎಂಎಎಚ್ ಬ್ಯಾಟರಿಯಲ್ಲಿ ಅದು ಸುಮಾರು ಕಾಲು ಭಾಗ. 80 ಇದ್ದದ್ದು 55 ಆಗುವುದು ಹೀಗೆ. 4 ವೋಲ್ಟ್ ಮತ್ತು 0.15 ಆಂಪಿಯರ್ ಗುಣಿಸಿದರೆ 0.6 ವ್ಯಾಟ್. ದೇವರ ಕೋಣೆಯಲ್ಲಿ ಉರಿಯುವ ಅರ್ಧ ವ್ಯಾಟಿನ ಪುಟ್ಟ ಬಲ್ಬಿನಷ್ಟು ಶಕ್ತಿ ಹಗಲೂ ರಾತ್ರಿ ಫೋನಿನ ಒಂದು ಮೂಲೆಯಲ್ಲಿ ಬಿಸಿಯಾಗಿ ಹೋಗುತ್ತಿತ್ತು.

ಆ ಮೂಲೆ ಯಾವುದೆಂದು ಹುಡುಕಲು ಅವರು ಬೋರ್ಡಿನ ಮೇಲೆ ಐಪಿಎ ಎಂದು ಕರೆಯುವ, ಬೇಗ ಆರುವ ಸ್ಪಿರಿಟ್ ಸವರಿದರು. ಒಂದು ಚುಕ್ಕೆಯಷ್ಟು ಜಾಗ ಮಾತ್ರ ಉಳಿದದ್ದಕ್ಕಿಂತ ಮೊದಲೇ ಆರಿತು. ಅಲ್ಲಿದ್ದದ್ದು ಸಾಸಿವೆ ಕಾಳಿಗಿಂತ ಚಿಕ್ಕದಾದ ಒಂದು ಕೆಪಾಸಿಟರ್. ಅದರ ಸುತ್ತ ಹಸಿರು ಬಣ್ಣದ ತುಕ್ಕು ಹಿಡಿದಿತ್ತು. ಹಿಂದಿನ ಮಳೆಗಾಲದಲ್ಲಿ ಫೋನ್ ನೆನೆದಿದ್ದು, ಒರೆಸಿ ಬಳಸಿದ್ದು ಗೆಳತಿಗೆ ಆಗ ನೆನಪಾಯಿತು. ನೀರು ಹೊರಗೆ ಆರಿತ್ತು. ಒಳಗೆ ಉಳಿದ ತೇವ ತಿಂಗಳುಗಟ್ಟಲೆ ತಿನ್ನುತ್ತಾ ಬಂದು, ವಿದ್ಯುತ್ ಸೋರುವ ದಾರಿ ಮಾಡಿಕೊಂಡಿತ್ತು.

ಆ ಕೆಪಾಸಿಟರ್ ತೆಗೆದು ಬೇರೆ ಹಾಕಿ, ತುಕ್ಕು ಶುಚಿ ಮಾಡಿದ ಮೇಲೆ ಯಂತ್ರದ ಅಂಕಿ ಸೊನ್ನೆಗೆ ಇಳಿಯಿತು. ಹೊಸ ಬ್ಯಾಟರಿ ಹಾಕಿಸಿದ್ದರೆ ಹಣವೂ ಹೋಗುತ್ತಿತ್ತು, ಹೊಸ ಬ್ಯಾಟರಿಯೂ ಹಾಗೇ ಸೋರುತ್ತಿತ್ತು. ಬಿಟ್ಟಿದ್ದರೆ ಸೋರಿಕೆ ಹೆಚ್ಚುತ್ತಾ ಹೋಗಿ ಒಂದು ದಿನ ಬೋರ್ಡೇ ಸಾಯುವ ಸಾಧ್ಯತೆ ಇತ್ತು.

ನಿಮ್ಮ ಫೋನ್ ಯಾವ ಬಗೆಯದು? ಮನೆಯಲ್ಲೇ ನೋಡಿ

ಪವರ್ ಸಪ್ಲೈ ಯಂತ್ರ ಎಲ್ಲರ ಮನೆಯಲ್ಲಿ ಇರುವುದಿಲ್ಲ. ಆದರೆ ಅದೇ ಪರೀಕ್ಷೆಯ ಸರಳ ರೂಪವನ್ನು ಯಾರು ಬೇಕಾದರೂ ಮಾಡಬಹುದು. ಒಂದೊಂದೇ ಕಾರಣ ತೆಗೆಯುತ್ತಾ ಹೋಗುವುದೇ ಇದರ ಉಪಾಯ.

ಮೊದಲು ಫೋನನ್ನು ಪೂರ್ತಿ ಆಫ್ ಮಾಡಿ. ಕವರ್ ತೆಗೆದು, ಕೇಬಲ್ ಇಲ್ಲದೆ, ನೆರಳಿನಲ್ಲಿ ಒಂದು ಗಂಟೆ ಇಡಿ. ಪಕ್ಕದಲ್ಲಿ ಟಿವಿ ರಿಮೋಟ್ ಅಥವಾ ಪವರ್ ಬ್ಯಾಂಕ್ ಇಡಿ. ಗಂಟೆ ಕಳೆದ ಮೇಲೆ ಎರಡನ್ನೂ ಮುಟ್ಟಿ ನೋಡಿ. ಫೋನ್ ಮಾತ್ರ ಬೆಚ್ಚಗಿದ್ದರೆ ಹಾರ್ಡ್‌ವೇರ್ ದೋಷವಿದೆ. ಜೊತೆಗೆ ಒಂದು ರಾತ್ರಿ ಆಫ್ ಮಾಡಿಟ್ಟು ಚಾರ್ಜ್ ಎಷ್ಟು ಇಳಿಯಿತು ನೋಡಿ. ಒಂದೆರಡು ಅಂಕಿ ಇಳಿದರೆ ಚಿಂತೆ ಬೇಡ. ಹತ್ತು, ಇಪ್ಪತ್ತು ಇಳಿದರೆ ಎಲ್ಲೋ ಸೋರುತ್ತಿದೆ.

ಇದರಲ್ಲಿ ಪಾಸಾದರೆ ಫೋನ್ ಆನ್ ಮಾಡಿ, ಫ್ಲೈಟ್ ಮೋಡ್ ಹಾಕಿ, ಏನೂ ಬಳಸದೆ ಮತ್ತೊಂದು ಗಂಟೆ ಇಡಿ. ಆಫ್ ಇದ್ದಾಗ ತಣ್ಣಗಿದ್ದು ಆನ್ ಮಾಡಿದ ಮೇಲೆ ಸುಮ್ಮನಿದ್ದರೂ ಬಿಸಿಯಾದರೆ ಅನುಮಾನ ಮೊದಲು ಆ್ಯಪ್ ಅಥವಾ ಸಾಫ್ಟ್‌ವೇರ್ ಮೇಲೆ. 2023ರಲ್ಲಿ ಐಫೋನ್ 15 ಪ್ರೊ ಬಂದಾಗ ತುಂಬಾ ಬಿಸಿಯಾಗುತ್ತದೆ ಎಂಬ ದೂರು ಜಗತ್ತಿನಾದ್ಯಂತ ಕೇಳಿಬಂತು. ಐಒಎಸ್ 17ರ ಒಂದು ದೋಷ ಮತ್ತು ಕೆಲವು ಆ್ಯಪ್‌ಗಳು ಅದಕ್ಕೆ ಕಾರಣವೆಂದು ಆಪಲ್ ಹೇಳಿತು. ಆ ವರ್ಷದ ಅಕ್ಟೋಬರ್‌ನಲ್ಲಿ ಬಂದ 17.0.3 ಅಪ್‌ಡೇಟ್‌ನಲ್ಲಿ ಅದನ್ನು ಸರಿಪಡಿಸಲಾಯಿತು. ಇಂಥ ಬಿಸಿಗೆ ಸ್ಕ್ರೂಡ್ರೈವರ್ ಬೇಕಾಗುವುದಿಲ್ಲ. ಯಾವ ಆ್ಯಪ್ ಬ್ಯಾಟರಿ ತಿನ್ನುತ್ತಿದೆ ಎಂದು ಸೆಟ್ಟಿಂಗ್ಸ್‌ನಲ್ಲಿ ನೋಡಿ, ಅಪ್‌ಡೇಟ್ ಮಾಡಿದರೆ ಸಾಕಾಗಬಹುದು.

ಕೊನೆಯದು ಚಾರ್ಜಿಂಗ್. ಚಾರ್ಜ್‌ಗೆ ಹಾಕಿ, ಫೋನ್ ಬಳಸದೆ, ಬಿಸಿ ಎಲ್ಲಿದೆ ಎಂದು ಬೆರಳಿನಿಂದ ಹುಡುಕಿ. ಫೋನಿನ ಬೆನ್ನು ಪೂರ್ತಿ ಹದವಾಗಿ ಬೆಚ್ಚಗಾದರೆ ಅದು ಸಹಜ. ಬಿಸಿಯೆಲ್ಲ ಕೆಳಗಡೆ, ಪಿನ್ ಸೇರುವ ತೂತಿನ ಹತ್ತಿರವೇ ಸೇರಿದ್ದರೆ ಕೇಬಲ್ ಕೂಡಲೇ ತೆಗೆಯಿರಿ. ಅಲ್ಲಿ ಧೂಳು, ತೇವ, ತುಕ್ಕು ಸೇರಿ ಪಿನ್ ಸರಿಯಾಗಿ ಕೂರದಿದ್ದರೆ ಕರೆಂಟ್ ಇಕ್ಕಟ್ಟಿನಲ್ಲಿ ಹರಿಯಬೇಕಾಗುತ್ತದೆ. 2 ಆಂಪಿಯರ್ ಕರೆಂಟಿಗೆ ಅಲ್ಲಿ ಅರ್ಧ ಓಮ್ ಅಡ್ಡಿ ಇದ್ದರೂ 2 ವ್ಯಾಟ್ ಬಿಸಿ ಹುಟ್ಟುತ್ತದೆ. ಅಷ್ಟು ಬಿಸಿ ಇಡೀ ಫೋನಿಗೆ ಹರಡಿದರೆ ಗೊತ್ತೂ ಆಗದು, ಬೆಂಕಿಕಡ್ಡಿಯ ತಲೆಯಷ್ಟು ಜಾಗದಲ್ಲಿ ಸೇರಿದರೆ ಪ್ಲಾಸ್ಟಿಕ್ ಕರಗುತ್ತದೆ. ಬೇರೆ ಕೇಬಲ್, ಬೇರೆ ಅಡಾಪ್ಟರ್ ಹಾಕಿ ನೋಡಿ. ಆಗ ಸರಿಹೋದರೆ ಹಳೆಯದನ್ನು ಬಿಸಾಡಿ. ಅದೇ ಜಾಗ ಮತ್ತೆ ಸುಟ್ಟರೆ ಫೋನಿನ ಚಾರ್ಜಿಂಗ್ ಪೋರ್ಟ್ ಬದಲಿಸಬೇಕು.

ಇವು ಕಂಡರೆ ಪರೀಕ್ಷೆ ಬೇಡ, ಬಳಕೆಯನ್ನೇ ನಿಲ್ಲಿಸಿ

ಮೇಲಿನ ಪರೀಕ್ಷೆಗಳು ಬ್ಯಾಟರಿ ಸರಿ ಇರುವ ಫೋನಿಗೆ. ಬ್ಯಾಟರಿಯೇ ಉಬ್ಬಿದ್ದರೆ ಮಾತು ಬೇರೆ. ಬ್ಯಾಟರಿ ಹಳೆಯದಾದಾಗ, ಪದೇಪದೇ ತುಂಬಾ ಬಿಸಿಯಾದಾಗ ಒಳಗಿನ ರಾಸಾಯನಿಕಗಳು ಒಡೆದು ಅನಿಲವಾಗುತ್ತವೆ. ಮುಚ್ಚಿದ ಚೀಲದೊಳಗೆ ಅನಿಲ ತುಂಬಿದಾಗ ಬ್ಯಾಟರಿ ಪೂರಿಯಂತೆ ಉಬ್ಬುತ್ತದೆ. ಪರದೆ ಅಥವಾ ಹಿಂಬದಿ ಒಂದು ಕಡೆ ಎದ್ದಿರುತ್ತದೆ, ಅಂಚಿನಲ್ಲಿ ಸಂದು ಕಾಣುತ್ತದೆ. ಕವರ್ ತೆಗೆದು ಸಮತಟ್ಟಾದ ಮೇಜಿನ ಮೇಲಿಟ್ಟರೆ ಫೋನ್ ಓಲಾಡುತ್ತದೆ. ಇದರ ಜೊತೆ ನೇಲ್ ಪಾಲಿಶ್‌ನಂಥ ಸಿಹಿ ವಾಸನೆ ಬಂದರೆ ಬ್ಯಾಟರಿ ಸೋರುತ್ತಿದೆ ಎಂದು ತಿಳಿಯಿರಿ.

ಉಬ್ಬಿದ ಫೋನನ್ನು ಚಾರ್ಜ್‌ಗೆ ಹಾಕಬೇಡಿ. ಎದ್ದ ಭಾಗವನ್ನು ಒತ್ತಿ ಕೂರಿಸಬೇಡಿ, ಚುಚ್ಚಬೇಡಿ. ಆಫ್ ಮಾಡಿ, ಹಾಸಿಗೆ, ಪರದೆ, ಕಾಗದಗಳಿಂದ ದೂರ, ಬರಿ ನೆಲದ ಮೇಲಿಟ್ಟು ಬೇಗ ಸರ್ವಿಸ್ ಸೆಂಟರಿಗೆ ಒಯ್ಯಿರಿ. ತೆಗೆದ ಬ್ಯಾಟರಿಯನ್ನು ಮನೆಯ ಕಸದ ಜೊತೆ ಹಾಕಬೇಡಿ, ಕಸದ ಗಾಡಿಯಲ್ಲಿ ಅದು ಜಜ್ಜಿ ಬೆಂಕಿ ಹತ್ತಬಹುದು. ಇ-ತ್ಯಾಜ್ಯ ತೆಗೆದುಕೊಳ್ಳುವ ಕಡೆಯೇ ಕೊಡಿ. ಹೊಗೆ ಬರುತ್ತಿದ್ದರೆ, ಬುಸ್ ಎಂದು ಸದ್ದಾಗುತ್ತಿದ್ದರೆ ಕೈಯಲ್ಲಿ ಹಿಡಿಯಬೇಡಿ. ಗೋಡೆಯ ಸ್ವಿಚ್ ತಲುಪುವಂತಿದ್ದರೆ ಆರಿಸಿ, ಎಲ್ಲರನ್ನೂ ಆಚೆ ಕರೆದುಕೊಂಡು ಹೋಗಿ 101 ಅಥವಾ 112ಕ್ಕೆ ಕರೆ ಮಾಡಿ.

ಸಿಡಿದ ಫೋನ್ ಎಂದಾಗ ಎಲ್ಲರಿಗೂ ನೆನಪಾಗುವುದು 2016ರ ಸ್ಯಾಮ್‌ಸಂಗ್ ಗ್ಯಾಲಕ್ಸಿ ನೋಟ್ 7. ಬಂದ ಕೆಲವೇ ವಾರಗಳಲ್ಲಿ ಬೆಂಕಿ ಹತ್ತಿದ ಘಟನೆಗಳಿಂದಾಗಿ ಕಂಪನಿ ಅದನ್ನು ವಾಪಸ್ ಪಡೆಯಿತು, ಅಕ್ಟೋಬರ್‌ನಲ್ಲಿ ತಯಾರಿಕೆಯನ್ನೇ ನಿಲ್ಲಿಸಿತು. 2017ರ ಜನವರಿಯಲ್ಲಿ ಸ್ಯಾಮ್‌ಸಂಗ್ ತನಿಖೆಯ ವಿವರ ಕೊಟ್ಟಿತು. ಎರಡು ಕಡೆಯಿಂದ ಬಂದ ಬ್ಯಾಟರಿಗಳಲ್ಲಿ ಎರಡು ಬೇರೆ ಬೇರೆ ದೋಷಗಳಿದ್ದವು. ಒಂದರಲ್ಲಿ ಮೇಲಿನ ಮೂಲೆಯ ಒಳಪದರ ಬಾಗಿತ್ತು, ಇನ್ನೊಂದರಲ್ಲಿ ಬೆಸುಗೆಯ ಚೂಪಾದ ಉಳಿಕೆಗಳು ಪದರವನ್ನು ತೂತು ಮಾಡಿದ್ದವು. ಎರಡರಲ್ಲೂ ಸೇರಬಾರದ ಪದರಗಳು ಒಳಗೇ ಸೇರಿ ಶಾರ್ಟ್ ಸರ್ಕ್ಯೂಟ್ ಆಯಿತು. ಮ್ಯಾಪ್ ನೋಡಿದ್ದರಿಂದಲ್ಲ, ಚಾರ್ಜ್‌ಗೆ ಹಾಕಿ ಮಾತಾಡಿದ್ದರಿಂದಲೂ ಅಲ್ಲ. ತಯಾರಿಕೆಯಲ್ಲೇ ಉಳಿದ ಇಂಥ ದೋಷ ಮೊದಲೇ ಯಾವ ಸುಳಿವನ್ನೂ ಕೊಡದಿರಬಹುದು, ಮನೆಯ ಪರೀಕ್ಷೆಗೂ ಸಿಗದಿರಬಹುದು. ಕಂಪನಿ ನಿಮ್ಮ ಮಾದರಿಯ ಫೋನ್ ವಾಪಸ್ ಕೊಡಿ ಎಂದಾಗ 'ನನ್ನದು ಚೆನ್ನಾಗಿಯೇ ಇದೆ' ಎಂದು ಇಟ್ಟುಕೊಳ್ಳಬಾರದು ಎನ್ನುವುದು ಅದಕ್ಕೇ.

ಫ್ರಿಜ್ ಯಾಕೆ ಬೇಡ?

ಫ್ರಿಜ್‌ನಿಂದ ತೆಗೆದ ಸ್ಟೀಲ್ ಚೊಂಬು ಎರಡೇ ನಿಮಿಷದಲ್ಲಿ ಹೊರಗೆ ಬೆವರುವುದನ್ನು ನೋಡಿರುತ್ತೀರಿ. ಗಾಳಿಯಲ್ಲಿರುವ ತೇವ ತಣ್ಣನೆಯ ಲೋಹದ ಮೇಲೆ ನೀರಾಗಿ ಕೂರುತ್ತದೆ. ಫ್ರಿಜ್‌ನಿಂದ ತೆಗೆದ ಫೋನಿಗೂ ಅದೇ ಆಗುತ್ತದೆ, ಚೊಂಬಿಗಿಲ್ಲದ ಒಂದು ತೊಂದರೆಯೊಂದಿಗೆ: ಫೋನ್ ಒಳಗಡೆಯೂ ಬೆವರುತ್ತದೆ. ಗೆಳತಿಯ ಫೋನಿನ ಬೋರ್ಡನ್ನು ತಿಂದದ್ದು ಇಂಥದೇ ತೇವ. ಬಿಸಿಯಾದ ಒಳ್ಳೆಯ ಫೋನನ್ನು ಫ್ರಿಜ್‌ನಲ್ಲಿಟ್ಟರೆ ಇಲ್ಲದ ದೋಷವನ್ನು ನಾವೇ ತಂದುಕೊಂಡಂತೆ. ನೆರಳು, ಫ್ಯಾನ್ ಗಾಳಿ, ಕವರ್ ಇಲ್ಲದ ಬೆನ್ನು, ಕಾಲು ಗಂಟೆ ಸಮಯ. ಇಷ್ಟು ಸಾಕು.

ಒಟ್ಟಿನಲ್ಲಿ

ಚಾರ್ಜಿಂಗ್ ಮತ್ತು ಮ್ಯಾಪ್ ಒಟ್ಟಿಗೆ ಬಳಸಿದರೆ ಫೋನ್ ಸಿಡಿಯುತ್ತದೆ ಎಂಬ ಸಂದೇಶ ತಪ್ಪು. ಫ್ರಿಜ್‌ನಲ್ಲಿಡಿ ಎಂಬ ಸಲಹೆ ಅಪಾಯಕಾರಿ. ಗುಂಪಿನಲ್ಲಿ ಯಾರಾದರೂ ಆ ಸಂದೇಶ ಹಾಕಿದರೆ ಅದರ ಕೆಳಗೆ ಇದನ್ನು ಹಾಕಿ:

"ಫೋನ್ ಬಿಸಿಯಾದರೆ ಚಾರ್ಜರ್ ತೆಗೆದು, ಕವರ್ ಬಿಚ್ಚಿ, ನೆರಳಿನಲ್ಲಿ ಕಾಲು ಗಂಟೆ ಇಡಿ. ಆರಿದರೆ ಫೋನ್ ಸರಿ ಇದೆ. ಆಫ್ ಮಾಡಿದ ಮೇಲೂ ಬೆಚ್ಚಗಿದ್ದರೆ, ಚಾರ್ಜಿಂಗ್ ಪಿನ್ ಹತ್ತಿರ ಮಾತ್ರ ಸುಡುತ್ತಿದ್ದರೆ ರಿಪೇರಿಗೆ ಕೊಡಿ. ಬೆನ್ನು ಉಬ್ಬಿದ್ದರೆ ಚಾರ್ಜ್ ಮಾಡಲೇಬೇಡಿ. ಫ್ರಿಜ್‌ನಲ್ಲಿ ಇಡಬೇಡಿ."